ತಾತನ ಕ್ಲಾಸು ಯಾರ ಗಡಿಯಾರದ್ದು?

ಮೊನ್ನೆ ಅಮ್ಮ ಫೋನಲ್ಲಿ ಇನ್ನೇನೋ ಮಾತಾಡ್ತಾ ಮಧ್ಯದಲ್ಲಿ "ಭಾನುವಾರ ರಾತ್ರಿ ನಿಮ್ಮಪ್ಪ ಸರಿಯಾಗಿ ಊಟಾನೇ ಮಾಡ್ಲಿಲ್ಲ ಕಣೆ, ಮಕ್ಳಿಗೆ ಬೇಜಾರಾಗಿರ್ಬೇಕು ಬಿಡು, ಕನ್ನಡ ಕಲ್ತು ಅವಕ್ಕೆ ಆಗ್ಬೇಕಾದ್ದೇನು ಅಂದ್ರು" ಅಂದ್ಬಿಟ್ಳು. ನಂಗೆ ಎದೆ ಧಸಕ್ಕಂತು. ಯಾಕಂದ್ರೆ ಅದೇ ಭಾನುವಾರ ಇಲ್ಲಿ ನ್ಯೂಜೆರ್ಸಿಲಿ ನನ್ ಮಗಳು ತಾತ ಆನ್‌ಲೈನಲ್ಲಿ ಹೇಳ್ಕೊಡೋ ಕನ್ನಡ ಕ್ಲಾಸಿಗೆ ಪುಸ್ತಕ ಪೆನ್ಸಿಲ್ ಇಟ್ಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಕೂತಿದ್ಳು, ಇಂಗ್ಲೆಂಡಲ್ಲಿ ಅಕ್ಕನ ಮಗನೂ ಮಧ್ಯಾಹ್ನ ಎರಡಕ್ಕೆ ಕೂತಿದ್ದ, ತಾತ ಬರ್ಲಿಲ್ಲ, ಸಂಜೆ ದೇವಸ್ಥಾನಕ್ಕೆ ಹೋಗಿರ್ಬೇಕು ಅಂತ ಇಬ್ರೂ ಕಾದು ಕಾದು ಎದ್ದೋದ್ರು. ಅದಾದ್ಮೇಲೆ ತುಮಕೂರಲ್ಲಿ ಅಪ್ಪ ಅದೇ ಲಿಂಕ್ ಒತ್ಕೊಂಡು ಒಬ್ರೇ ಕೂತಿದ್ರು. ಎಲ್ರೂ ಬಂದಿದ್ರು, ಎಲ್ರೂ ಕಾದಿದ್ರು, ಯಾರಿಗೂ ಯಾರೂ ಸಿಗ್ಲಿಲ್ಲ.

ಅವತ್ತು 2026ರ ಮಾರ್ಚ್ 29. ಬೇಸಿಗೆಯ ಹಗಲು ಬೆಳಕು ಉಳಿಸೋಕೆ ಅಂತ ಇಂಗ್ಲೆಂಡಲ್ಲಿ ಗಡಿಯಾರ ಒಂದ್ ಗಂಟೆ ಮುಂದೆ ಹೋದ ದಿನ.

ಈ ಕ್ಲಾಸಿಗೆ ಕ್ಯಾಲೆಂಡರ್ ಇನ್ವೈಟ್ ಮಾಡಿದ್ದು ಅಕ್ಕ, ಜನವರಿ ಮೊದಲ ಭಾನುವಾರದಿಂದ, ಪ್ರತಿ ವಾರ ರಿಪೀಟ್ ಆಗೋ ಹಂಗೆ. ಆಗ ಲೆಕ್ಕ ಚೆನ್ನಾಗಿ ಕೂತಿತ್ತು. ಅವಳಿಗೆ ಮಧ್ಯಾಹ್ನ ಎರಡು, ಅಪ್ಪಂಗೆ ಸಂಜೆ ಏಳೂವರೆ, ನಮಗೆ ಬೆಳಿಗ್ಗೆ ಒಂಬತ್ತು. ಮಾರ್ಚ್ 8ಕ್ಕೆ ಅಮೆರಿಕದ ಗಡಿಯಾರ ಮುಂದೆ ಹೋಯ್ತು, ಇಲ್ಲಿ ಮಾರ್ಚ್ ಎರಡನೇ ಭಾನುವಾರ ಅಂತ ನಿಯಮ. ಅವತ್ತಿಂದ ನಮ್ಮ ಫೋನಲ್ಲಿ ತಾತನ ಕ್ಲಾಸು ಹತ್ತು ಗಂಟೆಗೆ ತೋರ್ಸೋಕೆ ಶುರು ಆಯ್ತು, ಹತ್ತಕ್ಕೆ ಮಗಳಿಗೆ ಈಜು ಕ್ಲಾಸು, ಹಂಗಾಗಿ 8, 15, 22 ಈ ಮೂರು ಭಾನುವಾರ ತುಮಕೂರಲ್ಲಿ ಅಪ್ಪ, ಇಂಗ್ಲೆಂಡಲ್ಲಿ ಅಕ್ಕನ ಮಗ ಇಬ್ರೇ. ಇಂಗ್ಲೆಂಡಿನ ನಿಯಮ ಮಾರ್ಚ್ ಕೊನೇ ಭಾನುವಾರ. 29ಕ್ಕೆ ಅವ್ರೂ ಗಡಿಯಾರ ತಿರುಗಿಸಿದ್ರು, ನಮ್ಮದು ತಾನಾಗೇ ಒಂಬತ್ತಕ್ಕೆ ವಾಪಸ್ ಬಂತು, ಮಗಳು ಖುಷಿಯಿಂದ ಕೂತ್ಳು. ಆದ್ರೆ ಅವತ್ತು ಜಾರಿದ್ದು ತುಮಕೂರು. ಅಪ್ಪನ ಫೋನಲ್ಲಿ ಏಳೂವರೆ ಇದ್ದದ್ದು ಆರೂವರೆ ಆಗಿತ್ತು. ಅಪ್ಪ ಫೋನನ್ನ ಚಾರ್ಜಿಗೆ ಹಾಕಿ ವಾಕಿಂಗ್ ಹೋಗಿದ್ರು. ಅವರಿಗೆ ಕ್ಲಾಸು ಏಳೂವರೆಗೆ, ಗೋಡೆ ಗಡಿಯಾರದಲ್ಲಿ ಏಳೂವರೆ ಆದ್ಮೇಲೆ ಬೇರೆ ಯಾರನ್ನ ಕೇಳ್ಬೇಕು?

ಅಕ್ಕಂಗೆ ಫೋನ್ ಮಾಡಿದ್ರೆ ಅವಳು "ನಾನೇನೂ ಮುಟ್ಟಿಲ್ವಲ್ಲೇ, ನನ್ನಲ್ಲಿ ಯಾವತ್ತೂ ಎರಡೇ ತೋರ್ಸತ್ತೆ" ಅಂದ್ಳು. ಅದು ನಿಜ. ಈ ತೊಂದರೆಯ ಬೇರು ಇರೋದೇ ಅಲ್ಲಿ. ಕ್ಯಾಲೆಂಡರ್ ಒಳಗೆ ಪ್ರತಿ ಭಾನುವಾರದ ಹೊತ್ತನ್ನ ಬೇರೆ ಬೇರೆಯಾಗಿ ಬರ್ದಿಟ್ಟಿರಲ್ಲ, ಒಂದು ಶುರುವಿನ ದಿನ, ಒಂದು ಊರಿನ ಗಡಿಯಾರ, ಒಂದು ನಿಯಮ, ಇಷ್ಟೇ. ಇನ್ವೈಟ್ ಫೈಲ್ ಬಿಚ್ಚಿ ನೋಡಿದ್ರೆ ಹಿಂಗಿರತ್ತೆ:

```
DTSTART;TZID=Europe/London:20260104T140000
RRULE:FREQ=WEEKLY;BYDAY=SU
```

ಅಂದ್ರೆ ಲಂಡನ್ನಿನ ಗಡಿಯಾರದಲ್ಲಿ ಎರಡು ಗಂಟೆ, ಪ್ರತಿ ಭಾನುವಾರ. ಮಿಕ್ಕವರಿಗೆಲ್ಲ ಆ ಎರಡು ಗಂಟೆಯನ್ನ ಅವರವರ ಊರಿನ ಹೊತ್ತಿಗೆ ಲೆಕ್ಕ ಹಾಕಿ ತೋರ್ಸತ್ತೆ. ಲಂಡನ್ ಹಿಡ್ಕೊಂಡು ನಿಂತಿದೆ, ಉಳಿದೋರು ಅದರ ಸುತ್ತ ಜರುಗ್ತಾರೆ. ಅದಕ್ಕೇ ಇನ್ವೈಟ್ ಮಾಡಿದವರಿಗೆ ತಪ್ಪಾಗಿದೆ ಅಂತ ಗೊತ್ತೇ ಆಗಲ್ಲ. ಸಾಫ್ಟ್‌ವೇರ್ ಕೆಟ್ಟಿದೆ ಅಂತಾನೂ ಅಲ್ಲ, ಅದು ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದೆ. ಯಾವ ಊರಿನ ಗಡಿಯಾರ ಅನ್ನೋದನ್ನ ಮಾತ್ರ ಯಾರೂ ಯೋಚ್ನೆ ಮಾಡಿ ಆರಿಸಿರ್ಲಿಲ್ಲ, ಅಕ್ಕನ ಲ್ಯಾಪ್‌ಟಾಪ್ ಇದ್ದ ಊರು ತಾನಾಗೇ ಬಂದು ಕೂತಿತ್ತು.

ನಿಮ್ಮನೇಲೂ ಹಿಂಗಾಗ್ತಿದ್ರೆ ಯಾವ ಊರಿಗೆ ಕಟ್ಟಿದೆ ಅಂತ ಕಂಡ್ಹಿಡಿಯೋದು ಸುಲಭ, ಊರಲ್ಲಿರೋ ಅಪ್ಪ ಅಮ್ಮನ ಫೋನಲ್ಲಿ ಅದು ಯಾವ ತಾರೀಖಿಗೆ ಜಾರತ್ತೆ ನೋಡಿ. ಮಾರ್ಚ್ ಎರಡನೇ ಭಾನುವಾರದ ಹೊತ್ತಿಗೆ ಜಾರಿದ್ರೆ ಅಮೆರಿಕ, ಕೊನೇ ಭಾನುವಾರ ಜಾರಿದ್ರೆ ಇಂಗ್ಲೆಂಡ್ ಅಥವಾ ಯುರೋಪು, ಅಲ್ಲಿ ಜಾರದೆ ನಮಗೆ ಮಾತ್ರ ಜಾರಿದ್ರೆ ಭಾರತ, ಇಲ್ಲಾಂದ್ರೆ ಬೇಸಿಗೆ ಚಳಿಗಾಲ ಅಂತ ಬದಲಾಗದ, ಯುಟಿಸಿ ಅನ್ನೋ ಜಗತ್ತಿನ ಪ್ರಮಾಣ ಸಮಯ. ಕಾಯೋದೂ ಬೇಡ, ಫೆಬ್ರವರಿಲೇ ಕೂತು ಕ್ಯಾಲೆಂಡರನ್ನ ಏಪ್ರಿಲ್‌ವರೆಗೂ ಸರಿಸ್ಕೊಂಡು ಹೋದ್ರೆ ಕಾಣತ್ತೆ.

ಇಷ್ಟೆಲ್ಲ ಅಕ್ಕಂಗೆ ಹೇಳ್ತಿರೋವಾಗ ಪಕ್ಕದಲ್ಲಿ ಕೂತು ಕೇಳ್ಸ್ಕೊಳ್ತಿದ್ದ ಮಗಳು ಕೇಳಿದ್ಳು, "ಅಮ್ಮಾ, ಗಡಿಯಾರ ಚೇಂಜ್ ಮಾಡಿದ್ದು ನಾವು, ಆಮೇಲೆ ದೊಡ್ಡಮ್ಮ. ತಾತ ಏನೂ ಮಾಡ್ಲಿಲ್ಲ. ಮತ್ತೆ ತಾತಂದು ಯಾಕ್ ಚೇಂಜ್ ಆಗ್ಬೇಕು? ಟೀಚರ್ ಅವ್ರಲ್ವಾ?"

ಎಂಟು ವರ್ಷದ ಹುಡುಗಿ. ಅವತ್ತೆಲ್ಲಾ ನಂಗೆ ಬೇರೆ ಕೆಲ್ಸದಲ್ಲಿ ಮನಸ್ಸು ನಿಲ್ಲಲಿಲ್ಲ.

ನಮ್ಮಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಲಿ ಕೆಲ್ಸ ಮಾಡಿ ರಿಟೈರ್ ಆದೋರು. ತಯಾರಾದ ವಾಚುಗಳ ಟೈಮ್ ಚೆಕ್ ಮಾಡೋ ಕೆಲ್ಸ. ವಾಚನ್ನ ಮುಖ ಮೇಲೆ ಮಾಡಿ ಒಂದ್ಸಲ, ಕೆಳಗ್ ಮಾಡಿ ಒಂದ್ಸಲ, ಕೀಲಿ ಕೊಡೋ ತಿರುಗಣೆ ಕೆಳಗೆ ಬರೋ ಹಂಗೆ ನಿಲ್ಸಿ ಒಂದ್ಸಲ ನೋಡ್ಬೇಕು, ಯಾಕಂದ್ರೆ ಕೀಲಿ ವಾಚು ಮಲಗಿದಾಗ ಓಡೋ ಹಂಗೆ ನಿಂತಾಗ ಓಡಲ್ಲ, ದಿನಕ್ಕೆ ಕೆಲವು ಸೆಕೆಂಡ್ ಹೆಚ್ಚುಕಮ್ಮಿ ಆಗತ್ತೆ. ಚಿಕ್ಕೋರಿದ್ದಾಗ ಅವರು ಹೇಳ್ತಿದ್ದ ಮಾತು ಈಗ ನೆನಪಾಗತ್ತೆ, "ವಾಚ್ ತಪ್ಪೋದು ಸೆಕೆಂಡ್ ಲೆಕ್ಕದಲ್ಲಿ ಮಗಾ, ನಿಧಾನಕ್ಕೆ. ಸರಿಯಾಗಿ ಒಂದ್ ಗಂಟೆ ತಪ್ಪಿದೆ ಅಂದ್ರೆ ಅದು ಮಿಷಿನ್ನಿನ ತಪ್ಪಲ್ಲ, ಯಾರೋ ಕೈಯಾಡಿಸಿದಾರೆ." ಈ ಕ್ಯಾಲೆಂಡರ್ ವಿಷ್ಯಕ್ಕೂ ಅದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ. ಐದು ನಿಮಿಷ ಹತ್ತು ನಿಮಿಷ ಹೆಚ್ಚುಕಮ್ಮಿ ಆದ್ರೆ ಜನ ತಡ ಮಾಡಿದಾರೆ, ಸರಿಯಾಗಿ ಒಂದ್ ಗಂಟೆ ಆದ್ರೆ ಯಾವುದೋ ದೇಶ ಗಡಿಯಾರ ತಿರುಗಿಸಿದೆ. ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ 2016ರಲ್ಲಿ ಬಂತು, ಆ ಸುದ್ದಿ ಬಂದ ದಿನ ಅಪ್ಪ ಮಾತೇ ಆಡಿರ್ಲಿಲ್ಲ. ಅಂಥ ಮನುಷ್ಯ ಏಳೂವರೆ ಅಂದ್ರೆ ಏಳೂವರೆಗೆ ಕೂತು, ಎದುರಿಗೆ ಖಾಲಿ ಸ್ಕ್ರೀನ್ ನೋಡ್ಕೊಂಡು, ಮಕ್ಳಿಗೆ ನಾನು ಬೇಡವಾದೆ ಅಂತ ತಿಳ್ಕೊಂಡ್ರಲ್ಲ ಅಂತ ನಂಗೆ ಸಂಕಟ.

ಒಂದ್ ಮಾತು ಮಾತ್ರ ಹೇಳ್ಬೇಕು, ನಮ್ ಊರ ಕಡೆಯವ್ರ ಬಗ್ಗೆ. ಕಾಯ್ತಾರೆ, ನೊಂದ್ಕೋತಾರೆ, ಆದ್ರೆ "ಯಾಕಮ್ಮಾ ಬರ್ಲಿಲ್ಲ" ಅಂತ ಒಂದು ಫೋನ್ ಮಾಡಲ್ಲ. ಬೆಂಗಳೂರಲ್ಲಿ ನನ್ ಜೊತೆ ಕೆಲ್ಸ ಮಾಡೋರೂ ಅಷ್ಟೇ, ಅಮೆರಿಕದ ಗಡಿಯಾರಕ್ಕೆ ಕಟ್ಟಿದ ಮೀಟಿಂಗು ನವೆಂಬರ್ ಬಂದ್ರೆ ಅವರಿಗೆ ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆಗೆ ಹೋಗತ್ತೆ, ಒಬ್ರೂ ಬಾಯಿ ಬಿಡಲ್ಲ, ಮಾರ್ಚ್‌ವರೆಗೂ ಹಂಗೇ ಕೂತ್ಕೋತಾರೆ. ಗಡಿಯಾರ ಮುಟ್ಟದ ದೇಶದೋರೇ ಎಲ್ಲರ ಗಡಿಯಾರಕ್ಕೂ ಹೊಂದ್ಕೊಂಡು ಹೋಗೋದು. ಇದು ನಂಗೆ ಸರಿ ಅನ್ಸಲ್ಲ. ಇನ್ವೈಟ್ ಕಳ್ಸಿದೋರಿಗೆ ಅದು ಕಾಣೋದೇ ಇಲ್ಲ ಅಂದ್ಮೇಲೆ ಹೇಳ್ಬೇಕಾದ್ದು ಜಾರಿದೋರೇ.

ಮಗಳಿಗೆ ತಾತನ ಊರಲ್ಲಿ ಯಾಕೆ ಗಡಿಯಾರ ತಿರುಗ್ಸಲ್ಲ ಅಂತಾನೂ ಹೇಳ್ಬೇಕಾಯ್ತು. ತುಮಕೂರಲ್ಲಿ ವರ್ಷದ ಅತಿ ಉದ್ದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ, ನ್ಯೂಜೆರ್ಸಿಲಿ ಆರು ಗಂಟೆಗೆ ಹತ್ತಿರ. ಉಳಿಸೋ ಅಷ್ಟು ಬೆಳಕು ಅಲ್ಲಿ ಮಿಗೋದೇ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಇಂಡಿಯಾದಲ್ಲೂ ಒಂದ್ ಗಂಟೆ ಮುಂದಿಟ್ಟಿದ್ರು, ಯುದ್ಧ ಮುಗೀತು, ವಾಪಸ್ ತಂದ್ರು. ಈಗ ವರ್ಷವಿಡೀ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ, ಅಷ್ಟೇ.

ಕೊನೆಗೆ ಅವಳು ಹೇಳಿದ ಹಂಗೇ ಮಾಡಿದ್ವಿ. ಬದಲಾಯಿಸೋಕೆ ಅಕ್ಕಂಗೆ ಮಾತ್ರ ಆಗೋದು, ಇನ್ವೈಟ್ ಬಂದೋರು ಏನ್ ಒತ್ತಿದ್ರೂ ಮೂಲ ಬದಲಾಗಲ್ಲ. ಏಪ್ರಿಲ್ 5ರ ಕ್ಲಾಸು ತೆಗೆದು, ಟೈಮ್ ಪಕ್ಕದ ಟೈಮ್‌ಝೋನಲ್ಲಿ ಇಂಡಿಯಾದ್ದು, ಅಂದ್ರೆ ಕೋಲ್ಕತಾ ಅಂತಿರೋದನ್ನ ಆರಿಸಿ, ಸೇವ್ ಮಾಡೋವಾಗ ಇದು ಮತ್ತು ಮುಂದಿನವು ಅಂತ ಕೊಡು ಅಂದೆ, ಎಲ್ಲಾ ಅಂತ ಕೊಟ್ರೆ ಆಗಿಹೋದ ಕ್ಲಾಸುಗಳ ಹೊತ್ತೂ ಬದಲಾಗತ್ತೆ. ಝೋನ್ ಬದಲಾಯಿಸಿದ್ಮೇಲೆ ಅಂಕಿ ಎರಡು ಗಂಟೆ ಅಂತಾನೇ ಉಳ್ದಿರ್ಬಹುದು, ಹಂಗೇ ಬಿಟ್ರೆ ತುಮಕೂರಲ್ಲಿ ಮಧ್ಯಾಹ್ನ ಎರಡಕ್ಕೆ ಕ್ಲಾಸು, ಅದನ್ನ ಏಳೂವರೆ ಮಾಡ್ಬೇಕು. ಈಗ ಒಳಗೆ ಹಿಂಗಿದೆ:

```
DTSTART;TZID=Asia/Kolkata:20260405T193000
RRULE:FREQ=WEEKLY;BYDAY=SU
```

ಊರಿನ ಹೆಸರಿರೋದನ್ನೇ ಆರಿಸೋದು ಮುಖ್ಯ. ನಮ್ ಪರಿಚಯದೋರೊಬ್ರು ಹಿಂದೆ ನ್ಯೂಯಾರ್ಕ್ ಬದಲು EST ಅಂತ ಹಾಕಿದ್ರು, ಅದು ವರ್ಷವಿಡೀ ಚಳಿಗಾಲದ ಟೈಮಲ್ಲೇ ನಿಲ್ಲೋದು, ಬೇಸಿಗೆ ಬಂದ್ರೂ ಅಲುಗಾಡಲ್ಲ, ಅವ್ರ ಮನೆಯವ್ರೆಲ್ಲಾ ಒಂದ್ ಗಂಟೆ ತಡವಾಗಿ ಬರ್ತಿದ್ರು.

ಎಲ್ರಿಗೂ ಅನುಕೂಲ ಆಗೋ ಸೆಟ್ಟಿಂಗ್ ಅಂತ ಒಂದಿಲ್ಲ ಅನ್ನೋದನ್ನೂ ಒಪ್ಕೋಬೇಕು. ಗಡಿಯಾರ ತಿರುಗಿಸೋ ದೇಶದೋರು, ತಿರುಗಿಸದ ದೇಶದೋರು ಒಟ್ಟಿಗೆ ಕೂತ್ರೆ ಯಾರಾದ್ರೂ ಒಬ್ರು ಜರುಗ್ಲೇಬೇಕು. ಈಗ ಜರುಗೋದು ನಾವು, ಬೇಸಿಗೆಯೆಲ್ಲಾ ನಮಗೆ ಹತ್ತು, ಅಕ್ಕಂಗೆ ಮೂರು. ಅಕ್ಟೋಬರ್ 25ಕ್ಕೆ ಅವಳದು ಎರಡಕ್ಕೆ ಬರತ್ತೆ, ನವೆಂಬರ್ 1ಕ್ಕೆ ನಮ್ಮದು ಒಂಬತ್ತಕ್ಕೆ. ಮಗಳ ಈಜು ಕ್ಲಾಸನ್ನ ಶನಿವಾರಕ್ಕೆ ಹಾಕ್ಸಿದ್ವಿ. ಅಕ್ಕನ ಮಗಂಗೆ ಕೆಲವು ಭಾನುವಾರ ಮೂರಕ್ಕೆ ಫುಟ್‌ಬಾಲ್ ಮ್ಯಾಚ್ ಇರತ್ತಂತೆ, ಅವತ್ತು ಅವನು ಬರಕ್ಕಾಗಲ್ಲ ಅಂತ ಅವನೇ ತಾತಂಗೆ ಫೋನ್ ಮಾಡಿ ಹೇಳ್ಬೇಕು ಅಂತ ಅಕ್ಕ ಕಟ್ಟುನಿಟ್ಟು ಮಾಡಿದಾಳೆ. ನಾನು ಅಪ್ಪಂಗೂ ಅದೇ ಹೇಳಿದೀನಿ, ಏಳೂವರೆ ಆಗಿ ಹತ್ತು ನಿಮಿಷಕ್ಕೆ ಯಾರೂ ಕಾಣ್ಸಿಲ್ಲ ಅಂದ್ರೆ ನಂಗೆ ರಿಂಗ್ ಕೊಡ್ಬೇಕು, ನಾನು ಯಾವ ಕೆಲ್ಸದಲ್ಲಿದ್ರೂ ಪರವಾಗಿಲ್ಲ. "ಆಯ್ತು ಬಿಡಮ್ಮ" ಅಂದ್ರು. ಬಿಡಮ್ಮ ಅಲ್ಲ ಅಪ್ಪಾ, ಕೊಡ್ತೀನಿ ಅನ್ನಿ ಅಂತ ಅನ್ನಿಸ್ಕೊಂಡೇ ಫೋನ್ ಇಟ್ಟೆ.