‘ಇದುವರೆಗೂ ದುಡ್ಡು ಕೇಳಿಲ್ಲ’ ಅನ್ನುವವರಿಗೆ

“ಮೇಡಂ, ಈ ಚಾಟ್ ಸ್ವಲ್ಪ ನೋಡಿ ಹೇಳಿ. ಹುಡುಗ ಒಳ್ಳೆಯವನಾ, ಮೋಸದವನಾ? ಇದುವರೆಗೂ ಒಂದು ರೂಪಾಯಿ ಕೇಳಿಲ್ಲ.”

ಚಾಟ್ ನೋಡಿ ಮನುಷ್ಯ ಒಳ್ಳೆಯವನೋ ಅಲ್ಲವೋ ಅಂತ ನನಗೆ ಹೇಳಲು ಬರುವುದಿಲ್ಲ. ಯಾರಿಗೂ ಬರುವುದಿಲ್ಲ. ನಾನು ವಕೀಲೆ. ಮದುವೆ ವೆಬ್‌ಸೈಟಿನಲ್ಲಿ ಸಿಕ್ಕವನಿಗೆ ದುಡ್ಡು ಕಳೆದುಕೊಂಡು ಬಂದವರ ಜೊತೆ ಸೈಬರ್ ಅಪರಾಧದ ದೂರು ತೆಗೆದುಕೊಳ್ಳುವ ಸೆನ್ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದೇನೆ, ದೂರು ಬರೆಸಿದ್ದೇನೆ. ಅದಕ್ಕೇ ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಕೋರ್ಟಿನ ವರಾಂಡದಲ್ಲಿ ಎಲ್ಲರೂ ಫೋನು ನನ್ನ ಮುಖಕ್ಕೆ ಹಿಡಿಯುತ್ತಾರೆ. ಇನ್ನು ಮೇಲೆ ಈ ಬರಹದ ಕೊಂಡಿ ಕಳಿಸುತ್ತೇನೆ, ಓದಿಕೊಳ್ಳಿ.

ಮೊದಲು ಆ ಕೊನೆಯ ವಾಕ್ಯದ ವಿಷಯ ಮುಗಿಸುತ್ತೇನೆ. ನನಗೆ ಸಿಟ್ಟು ಬರುವುದೇ ಅದನ್ನು ಕೇಳಿದಾಗ. ಮೋಸಗಾರ ಎಷ್ಟೋ ಸಲ ತಾನಾಗಿ ದುಡ್ಡು ಕೇಳುವುದಿಲ್ಲ, ಕೊನೆಯವರೆಗೂ ಕೇಳುವುದಿಲ್ಲ. ಕೇಳುವುದು ಬೇರೆಯವರು. ಅವನು ನಿಮಗೆ ಉಡುಗೊರೆ ಕಳಿಸುತ್ತಾನೆ. ಆಮೇಲೆ ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಅಂತ ಒಬ್ಬ ಹೆಂಗಸು ಫೋನ್ ಮಾಡುತ್ತಾಳೆ. ಪಾರ್ಸೆಲ್‌ನಲ್ಲಿ ಚಿನ್ನ ಇದೆ, ಪೌಂಡ್ ನೋಟುಗಳಿವೆ, ಸುಂಕ ಕಟ್ಟಿ, ಇಲ್ಲದಿದ್ದರೆ ಕೇಸ್ ಆಗುತ್ತೆ ಅನ್ನುತ್ತಾಳೆ. ನೀವು ಗಾಬರಿಯಿಂದ ಅವನಿಗೆ ಹೇಳಿದರೆ, “ಛೇ, ನೀನು ಕಟ್ಟಬೇಡ, ಪಾರ್ಸೆಲ್ ಹೋದರೆ ಹೋಗಲಿ” ಅಂತಲೂ ಹೇಳಬಹುದು. ಆಗ ನಿಮಗೆ ಅವನ ಮೇಲೆ ಇನ್ನೂ ನಂಬಿಕೆ ಬರುತ್ತದೆ, ನೀವೇ ಕಟ್ಟುತ್ತೀರಿ. ಹಾಗಾಗಿ ದುಡ್ಡು ಕೇಳಿಲ್ಲ ಅನ್ನುವುದು ಅವನ ಪರವಾದ ಸಾಕ್ಷಿ ಅಲ್ಲವೇ ಅಲ್ಲ.

ಒಬ್ಬಳ ಕಥೆ ಹೇಳುತ್ತೇನೆ. ಅವಳೇ ಹೇಳಿ ಅಂದಿದ್ದಾಳೆ, ಹೆಸರು ಊರು ಬೇಡ. ಹೈಸ್ಕೂಲು ಟೀಚರ್, ಮೂವತ್ತು ದಾಟಿದವಳು. ಸಿಕ್ಕವನು ಲಂಡನ್ನಿನಲ್ಲಿ ಮೂಳೆ ಸರ್ಜನ್, ವಯಸ್ಸು ನಲವತ್ತೊಂದು, ಹೆಂಡತಿ ತೀರಿಕೊಂಡಿದ್ದಾಳೆ. ಎರಡನೇ ದಿನಕ್ಕೇ “ಈ ಸೈಟಿಗೆ ನಾನು ಜಾಸ್ತಿ ಬರಲ್ಲ” ಅಂತ ವಾಟ್ಸಾಪ್‌ಗೆ ಕರೆದುಕೊಂಡು ಹೋದ. ನಂಬರ್ +44ರಿಂದ ಶುರುವಾಗುತ್ತಿತ್ತು. ಮನೆಯವರೆಲ್ಲ ಅದನ್ನೇ ನೋಡಿ ಲಂಡನ್ ಅಂದುಕೊಂಡರು. ಆ ಥರದ ನಂಬರನ್ನು ಇಂಟರ್ನೆಟ್ಟಿನಲ್ಲಿ ಯಾವ ದೇಶದಲ್ಲಿ ಕೂತಾದರೂ ತೆಗೆದುಕೊಳ್ಳಬಹುದು.

ಮೊದಲ ವಾರ ಬರೀ ಪ್ರೀತಿ. ಬೆಳಿಗ್ಗೆ ಎದ್ದರೆ ಉದ್ದುದ್ದ ಮೆಸೇಜು, ರಾತ್ರಿ ಮಲಗುವ ತನಕ ಮೆಸೇಜು. ನಾಲ್ಕನೇ ದಿನಕ್ಕೆ “ನನ್ನ ಹೆಂಡತಿ” ಅಂತ ಕರೆದ. ಇದಕ್ಕೇ ಈಗ ಎಲ್ಲರೂ ಲವ್ ಬಾಂಬಿಂಗ್ ಅನ್ನುವುದು. ಆದರೆ ಜಾಸ್ತಿ ಪ್ರೀತಿ ತೋರಿಸಿದ ಅಂದಮಾತ್ರಕ್ಕೆ ಮೋಸಗಾರ ಅಂತ ನಾನು ಒಪ್ಪುವುದಿಲ್ಲ. ನಿಶ್ಚಿತಾರ್ಥ ಆದ ಒಳ್ಳೆಯ ಹುಡುಗರೂ ರಾತ್ರಿ ಎರಡರ ತನಕ ಬರೆಯುತ್ತಾರೆ. ನಾನು ಎರಡು ವಿಷಯ ನೋಡುತ್ತೇನೆ. ಒಂದು, ಆ ಮೆಸೇಜಿನಲ್ಲಿ ನೀವು ಇದ್ದೀರಾ? ನಮ್ಮ ಟೀಚರ್ ಅವನಿಗೆ ತನ್ನ ಶಾಲೆ, ಅಮ್ಮನ ಮಂಡಿನೋವು, ಎಸೆಸೆಲ್ಸಿ ಮಕ್ಕಳ ವಿಷಯ ಎಲ್ಲ ಬರೆದಿದ್ದಳು. ಅವನ ಉತ್ತರಗಳಲ್ಲಿ ಅದರ ಸುದ್ದಿಯೇ ಇಲ್ಲ. ಮೂಳೆ ಡಾಕ್ಟರು ಮಂಡಿನೋವಿನ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ! ಬರೀ ನಿನ್ನ ಕಣ್ಣು, ನಿನ್ನ ಮನಸ್ಸು, ದೇವರು ಕಳಿಸಿದ ಹೆಣ್ಣು. ಹೆಸರು ತೆಗೆದು ಯಾರಿಗೆ ಬೇಕಾದರೂ ಕಳಿಸಬಹುದಾದ ಮಾತು.

ಎರಡನೆಯದು, ನೀವು ನಿಧಾನ ಮಾಡಿದಾಗ ಏನಾಗುತ್ತದೆ ಅನ್ನುವುದು. “ಪರೀಕ್ಷೆ ಡ್ಯೂಟಿ ಇದೆ, ನಾಲ್ಕು ದಿನ ಮಾತಾಡಕ್ಕಾಗಲ್ಲ, ಭಾನುವಾರ ಸಿಗೋಣ” ಅಂತ ಹೇಳಿ ನೋಡಿ. ನಿಜವಾದವನಿಗೆ ಬೇಜಾರಾಗಬಹುದು, ಆದರೂ ಸರಿ ಅನ್ನುತ್ತಾನೆ. ಯಾಕೆಂದರೆ ಅವನಿಗೂ ಬೇರೆ ಕೆಲಸ ಇರುತ್ತದೆ. ಇವಳು ಹಾಗೆ ಹೇಳಿದ ದಿನ ಅವನು ಮೊದಲು ರೇಗಿದ, ಆಮೇಲೆ ಅತ್ತ, ಆಮೇಲೆ “ನಿನಗೆ ಬೇರೆ ಯಾರೋ ಇದ್ದಾರೆ” ಅಂದ. ರಾತ್ರಿಯೊಳಗೆ ಅವಳೇ ಕ್ಷಮೆ ಕೇಳಿದ್ದಳು. ಅವನಿಗೆ ಬೇಕಾಗಿದ್ದು ಅವಳು ಬಿಡುವಾಗಿ ಕೂತು ಯೋಚನೆ ಮಾಡದೇ ಇರುವುದು.

ಇನ್ನು ಕೆಲಸದ ವಿಷಯ. ನಿಜವಾಗಿ ಕೆಲಸ ಮಾಡುವವರು ಕೆಲಸದ ಬಗ್ಗೆ ಗೊಣಗುತ್ತಾರೆ. ಮೇಲಿನವರ ಕಾಟ, ರೋಗಿಗಳ ಕಡೆಯವರ ಗಲಾಟೆ, ಗಾಡಿ ನಿಲ್ಲಿಸಲು ಜಾಗ ಇಲ್ಲ, ಊಟ ಸರಿ ಇಲ್ಲ. ಕೇಳದೇ ಇದ್ದರೂ ಹೇಳುತ್ತಾರೆ. ಇವನ ಒಂದು ತಿಂಗಳ ಚಾಟ್‌ನಲ್ಲಿ ಒಬ್ಬ ಸಹೋದ್ಯೋಗಿಯ ಹೆಸರಿಲ್ಲ. ಹುದ್ದೆ ಇತ್ತು, ಕೆಲಸ ಇರಲಿಲ್ಲ. ಯಾವ ಆಸ್ಪತ್ರೆ ಅಂತ ಇವಳು ಕೇಳಿದರೆ “ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?” ಅಂತ ಮಾತು ತಿರುಗಿಸಿದ. ಕೆಲಸದ ಬಗ್ಗೆ ಹೇಳಲು ಹಿಂಜರಿಯುವ ಒಳ್ಳೆಯವರೂ ಇದ್ದಾರೆ. ಸೈನ್ಯದಲ್ಲಿರುವವರು, ಕೆಲಸ ಕಳೆದುಕೊಂಡು ನಾಚಿಕೆಯಲ್ಲಿರುವವರು. ಅವರು “ಅದು ಹೇಳಕ್ಕಾಗಲ್ಲ” ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ಕೇಳಿದ್ದಕ್ಕೆ ನಿಮ್ಮನ್ನೇ ತಪ್ಪಿತಸ್ಥರನ್ನಾಗಿ ಮಾಡುವುದಿಲ್ಲ.

ಇಲ್ಲಿಗೆ ಬಂದಾಗ ಅವಳ ಸ್ವಂತ ಚಿಕ್ಕಮ್ಮ ನನ್ನ ಆಫೀಸಿನಲ್ಲೇ ಕೂತು, “ಅಷ್ಟು ಓದಿದವಳು, ಅಷ್ಟೂ ಗೊತ್ತಾಗಲಿಲ್ವಾ?” ಅಂದರು. ಗೊತ್ತಾಗುವುದಿಲ್ಲ, ಚಿಕ್ಕಮ್ಮ. ನಿಮ್ಮ ಎದುರಿಗೆ ಪೂರ್ತಿ ಕಥೆ ಒಂದೇ ಸಲ ಬಂತು. ಅವಳಿಗೆ ಅದು ದಿನಕ್ಕೆ ಒಂದೊಂದು ಸಾಲಾಗಿ, ಪಾಠ ಮಾಡಿ ಸುಸ್ತಾಗಿ ಬಂದ ಸಂಜೆಗಳಲ್ಲಿ ಬಂತು. ಎದುರುಗಡೆ ಇರುವವನಿಗೆ ಇದೇ ಉದ್ಯೋಗ. ಎಷ್ಟೋ ಕಡೆ ಒಂದೇ ಅಕೌಂಟನ್ನು ಪಾಳಿಯ ಮೇಲೆ ಹಲವರು ನಡೆಸುತ್ತಾರೆ. ಕಥೆ ತಪ್ಪಿಹೋಗುವುದಕ್ಕೆ, ಭಾಷೆ ಇದ್ದಕ್ಕಿದ್ದಂತೆ ಬದಲಾಗುವುದಕ್ಕೆ ಅದೂ ಒಂದು ಕಾರಣ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ: “ಇವನು ಹೇಳಿದ್ದರಲ್ಲಿ ಇವನನ್ನೇ ಕೇಳದೆ ನಾನು ಪರೀಕ್ಷೆ ಮಾಡಬಹುದಾದ್ದು ಯಾವುದು?” ಒಳ್ಳೆಯವನಾ ಅನ್ನುವುದಕ್ಕೆ ಉತ್ತರ ಇಲ್ಲ. ಇದಕ್ಕೆ ಇದೆ.

ಟೀಚರ್ ನನ್ನ ಹತ್ತಿರ ಬಂದಾಗ ಇಬ್ಬರೂ ಕೂತು ಮಾಡಿದ್ದು ಇಷ್ಟೇ. ವಾಟ್ಸಾಪ್ ಚಾಟ್ ತೆರೆದು, ಒಳಗಿನ ಹುಡುಕು ಆಯ್ಕೆಯಲ್ಲಿ ‘hospital’ ಅಂತ ಹಾಕಿದೆವು. ತಿಂಗಳಲ್ಲಿ ಚೆದುರಿದ್ದ ಮಾತುಗಳು ಒಂದಾದ ಮೇಲೊಂದು ಸಿಕ್ಕವು. ಮೊದಲ ವಾರ ಮೂಳೆ ಸರ್ಜನ್. ಎರಡನೇ ವಾರ ಒಂದು ಮಗುವಿನ ಹೃದಯದ ಆಪರೇಷನ್ ತಾನೇ ಮಾಡಿದ್ದಾನೆ. ಮೂರನೇ ವಾರ ಆಸ್ಪತ್ರೆಯಲ್ಲಿ ಅವನದೇ ಪಾಲು ಇದೆ. ಅವಳು ಒಮ್ಮೆ ಕೇಳಿಯೂ ಇದ್ದಳು. “ಎಮರ್ಜೆನ್ಸಿಯಲ್ಲಿ ಎಲ್ಲರೂ ಎಲ್ಲ ಮಾಡಬೇಕು” ಅಂದಿದ್ದ. ಆ ದಿನ ಅದು ಸರಿ ಅನ್ನಿಸಿತ್ತು. ಮೂರೂ ಒಟ್ಟಿಗೆ ಕಂಡಾಗ ಅವಳೇ ಫೋನು ಕೆಳಗಿಟ್ಟಳು.

ಆಮೇಲೆ ಗಡಿಯಾರ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಇವರ ಚಾಟ್ ನಡೆದದ್ದು ಫೆಬ್ರವರಿಯಲ್ಲಿ. ನಮ್ಮ ಬೆಳಿಗ್ಗೆ 7.10ಕ್ಕೆ “ಈಗ ಎದ್ದೆ, ಡ್ಯೂಟಿಗೆ ಹೊರಟೆ” ಅಂತ ಬರೆದಿದ್ದ. ಅಲ್ಲಿ ಆಗ ನಡುರಾತ್ರಿ 1.40. ಇನ್ನೊಂದು ದಿನ ನಮ್ಮ ಮಧ್ಯಾಹ್ನ ಒಂದಕ್ಕೆ “ಬೆಳಗಿನ ಆಪರೇಷನ್ ಎಲ್ಲ ಮುಗಿಸಿ ಊಟಕ್ಕೆ ಬಂದೆ”. ಅಲ್ಲಿ ಆಗ ಬೆಳಿಗ್ಗೆ ಏಳೂವರೆ. ನಮ್ಮ ರಾತ್ರಿ ಹತ್ತಕ್ಕೆ “ದಿನ ಮುಗೀತು, ನಿದ್ದೆ ಬರ್ತಿದೆ”. ಅಲ್ಲಿ ಸಂಜೆ ನಾಲ್ಕೂವರೆ. ಒಂದು ಮೆಸೇಜಾದರೆ ನೈಟ್ ಡ್ಯೂಟಿ ಅನ್ನಬಹುದು. ಅವನ ಎದ್ದೇಳುವುದು, ಊಟ, ನಿದ್ದೆ ಎಲ್ಲವೂ ಭಾರತದ ಗಡಿಯಾರಕ್ಕೆ ಕೂತಿದ್ದವು.

ಕೊನೆಗೆ ಡಾಕ್ಟರಿಕೆ. ಬ್ರಿಟನ್ನಿನಲ್ಲಿ ವೈದ್ಯನಾಗಿ ಕೆಲಸ ಮಾಡಲು ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಇರಲೇಬೇಕು. ಆ ಪಟ್ಟಿ gmc-uk.org ತಾಣದಲ್ಲಿ ಎಲ್ಲರಿಗೂ ತೆರೆದಿದೆ, ದುಡ್ಡು ಕೊಡಬೇಕಿಲ್ಲ. ಹೆಸರು ಹಾಕಿದರೆ ಏಳು ಅಂಕಿಯ ಸಂಖ್ಯೆ, ಈಗ ವೃತ್ತಿ ಮಾಡಲು ಪರವಾನಗಿ ಇದೆಯಾ, ಯಾವ ವರ್ಷ ಪದವಿ ಪಡೆದರು, ಯಾವ ವಿಭಾಗದ ತಜ್ಞರು ಅನ್ನುವುದೆಲ್ಲ ಬರುತ್ತದೆ. ಅವನು ಹೇಳಿದ ಹೆಸರು ಅಲ್ಲಿ ಇತ್ತು! ಅವಳ ಮುಖ ಒಂದು ಕ್ಷಣ ಅರಳಿತು. ಆದರೆ ಆ ಡಾಕ್ಟರು ಪದವಿ ಪಡೆದದ್ದು ಎಂಬತ್ತರ ದಶಕದಲ್ಲಿ. ನಲವತ್ತೊಂದು ವರ್ಷದವನು ಆಗ ಇನ್ನೂ ಅಂಬೆಗಾಲಿಡುತ್ತಿರಬೇಕು. ತಜ್ಞರ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ.

ಇದನ್ನು ಚೆನ್ನಾಗಿ ನೆನಪಿಡಿ: ಪಟ್ಟಿಯಲ್ಲಿ ಹೆಸರಿದೆ ಅಂದಮಾತ್ರಕ್ಕೆ ಅದು ಅವನೇ ಅಂತಲ್ಲ. ನಿಜವಾದ ಡಾಕ್ಟರ ಹೆಸರು, ಫೋಟೋ ಕದಿಯುವುದು ಸಾಮಾನ್ಯ. ವಯಸ್ಸು ಹೊಂದುತ್ತಾ, ವಿಭಾಗ ಹೊಂದುತ್ತಾ ನೋಡಬೇಕು. ಎಲ್ಲವೂ ಹೊಂದಿದರೆ, ಆಸ್ಪತ್ರೆಯ ನಂಬರನ್ನು ನೀವೇ ಹುಡುಕಿ ಫೋನ್ ಮಾಡಿ, ಆ ಡಾಕ್ಟರಿಗೆ ಒಂದು ಸುದ್ದಿ ಮುಟ್ಟಿಸಿ ಅನ್ನಬೇಕು. ಅವನು ಕೊಟ್ಟ ನಂಬರಿಗೆ ಮಾಡಬಾರದು. ವಿಡಿಯೋ ಕಾಲ್‌ನಲ್ಲಿ ಮುಖ ಕಂಡಿತು ಅನ್ನುವುದು ಈಗ ಸಾಲದು. ಇನ್ನೊಬ್ಬರ ಮುಖ ಹಾಕಿಕೊಂಡು ಕಾಲ್ ಮಾಡುವ ಸಾಫ್ಟ್‌ವೇರ್ ಬಂದಿದೆ.

ತಪ್ಪು ಸಿಕ್ಕ ಕೂಡಲೇ ಅವನ ಮುಖಕ್ಕೆ ಹೇಳಬೇಡಿ. ಹೇಳಿದರೆ ಕಥೆ ಸರಿಮಾಡಿಕೊಳ್ಳುತ್ತಾನೆ, ಇಲ್ಲವೇ ಮೆಸೇಜು ಅಳಿಸಿ ಮಾಯವಾಗುತ್ತಾನೆ. ಮೊದಲು ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಮೇಲ್‌ಗೆ ಹಾಕಿಕೊಳ್ಳಿ. ಪ್ರೊಫೈಲ್, ನಂಬರ್, ಫೋಟೋ ಎಲ್ಲದರ ಸ್ಕ್ರೀನ್‌ಶಾಟ್ ಇರಲಿ.

ಟೀಚರ್ ಬರುವ ಹೊತ್ತಿಗೆ ‘ಕಸ್ಟಮ್ಸ್‌’ಗೆ 38,500 ರೂಪಾಯಿ ಹೋಗಿಯಾಗಿತ್ತು. ಎರಡನೇ ಸಲ ಇನ್ನೂ ದೊಡ್ಡ ಮೊತ್ತ ಕೇಳಿದಾಗ ಅನುಮಾನ ಬಂದು ಅದೇ ಸಂಜೆ ನನ್ನ ಹತ್ತಿರ ಬಂದಿದ್ದಳು. ದುಡ್ಡು ಹೋದದ್ದು ಯಾರೋ ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ. ಸರ್ಕಾರದ ಸುಂಕವನ್ನು ಯಾರೂ ಹಾಗೆ ಕಟ್ಟಿಸಿಕೊಳ್ಳುವುದಿಲ್ಲ. ಕಸ್ಟಮ್ಸ್ ಇಲಾಖೆಯ ಪತ್ರಗಳ ಮೇಲೆ ಡಿನ್ ಅನ್ನುವ ಸಂಖ್ಯೆ ಇರುತ್ತದೆ, ಅದನ್ನು ಇಲಾಖೆಯ cbic.gov.in ತಾಣದಲ್ಲಿ ಹಾಕಿ ನಿಜವೋ ಸುಳ್ಳೋ ನೋಡಬಹುದು. ಅವಳಿಗೆ ವಾಟ್ಸಾಪ್‌ನಲ್ಲಿ ಬಂದಿದ್ದ ಪತ್ರದಲ್ಲಿ ಅಶೋಕಸ್ತಂಭ ಇತ್ತು, ಸಹಿ ಇತ್ತು, ಆ ಸಂಖ್ಯೆ ಇರಲಿಲ್ಲ.

ಅಲ್ಲೇ ಕೂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು, ಆಮೇಲೆ cybercrime.gov.in ತಾಣದಲ್ಲಿ ದೂರು ಹಾಕಿದೆವು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಲೇ ಇರುತ್ತದೆ. ಯಾವ ಖಾತೆಯಲ್ಲಿ ಉಳಿದಿದೆಯೋ ಅಲ್ಲಿ ಬ್ಯಾಂಕು ಅದನ್ನು ತಡೆಹಿಡಿಯಬಹುದು, ಆದರೆ ಒಂದೊಂದು ಗಂಟೆ ಕಳೆದಂತೆ ಸಿಗುವುದು ಕಡಿಮೆ. ಅವಳ ದುಡ್ಡಿನಲ್ಲಿ ಒಂದಷ್ಟು ಎರಡನೇ ಖಾತೆಯಲ್ಲಿ ಸಿಕ್ಕಿಬಿತ್ತು, ಅದನ್ನು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಿದ್ದೇವೆ. ಫೋನ್ ಮಾಡುವಾಗ ನಿಮ್ಮ ಖಾತೆ ಸಂಖ್ಯೆ, ಹಣ ಹೋದ ದಿನ ಮತ್ತು ಸಮಯ, ಮೊತ್ತ, ಬ್ಯಾಂಕಿನ ಎಸ್ಸೆಮ್ಮೆಸ್‌ನಲ್ಲಿ ಬಂದ ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ನನಗೆ ಚಾಟ್ ಕಳಿಸುವುದು ಅದಾದ ಮೇಲೆ.