ಅಣ್ಣನ ಹಾಲಿನ ಡೇರಿ ಬೋರ್ಡು: ಯಾವ ಅಂಕಿ ಎಲ್ಲಿಂದ ಬಂತು?

ಮೊದಲ ಭಾನುವಾರ

ಜಮಖಂಡಿ ಹತ್ತಿರದ ನಮ್ಮೂರಲ್ಲಿ ಅಣ್ಣ ಹಾಲು ಸಂಗ್ರಹ ಕೇಂದ್ರ ನಡೆಸುತ್ತಾನೆ. ನಾನಿರೋದು ಬೆಳಗಾವಿಯಲ್ಲಿ. ಅವನ ಕಂಪ್ಯೂಟರಿನಿಂದ ಹತ್ತು ದಿನಕ್ಕೊಮ್ಮೆ ಸಿಎಸ್‌ವಿ ಫೈಲು ತೆಗೆದು, ಗೂಗಲ್ ಶೀಟಿನಲ್ಲಿ ಒಂದು ಸಣ್ಣ ಡ್ಯಾಶ್‌ಬೋರ್ಡು ಮಾಡಿಕೊಟ್ಟಿದ್ದೆ. ಒಟ್ಟು ಹಾಲು, ಸರಾಸರಿ ಫ್ಯಾಟ್, ಬಿಲ್ಲಿನ ಮೊತ್ತ, ಮೂರೇ ಅಂಕಿ.

ಮೊನ್ನೆ ಅಣ್ಣ ವಹಿ ಹಿಡಿದುಕೊಂಡೇ ಫೋನ್ ಮಾಡಿದ. "ತಮ್ಮಾ, ಒಂದರಿಂದ ಹತ್ತನೇ ತಾರೀಖಿನ ಹಾಲು ಅವತ್ತು 4,140 ತೋರಿಸಿತ್ತು. ಇವತ್ತು 4,264 ಅಂತೈತಿ. ಮುಗಿದ್ ಹೋದ ಲೆಕ್ಕ ಅದ್ಹೆಂಗ ಬೆಳೀತೈತಪಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಹತ್ತು ದಿನದ ಫೈಲನ್ನು ಮತ್ತೆ ತೆಗೆದು ಹಳೆಯದರ ಮೇಲೇ ಹಾಕಿದ್ದೆ. ಸೂತ್ರವೋ ಹೀಗಿತ್ತು:

```
=SUM(raw!G:G)
```

4,264ನ್ನು 4,140ರಿಂದ ಭಾಗಿಸಿ ನೋಡಿದೆ. 1.03 ಬಂತು. ಅಲ್ಲಿಗೆ ಗುಟ್ಟು ಬಯಲಾಯಿತು. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಡೇರಿಯ ತಂತ್ರಾಂಶ ನಡುವೆ ಅಪ್‌ಡೇಟ್ ಆಗಿ, `Qty_Kg` ಅನ್ನೋ ಹೊಸ ಕಾಲಂ G ಜಾಗಕ್ಕೆ ಬಂದು ಕೂತಿತ್ತು. ಲೀಟರಿನ `Qty_Ltr` H ಕಡೆ ಸರಿದಿತ್ತು. ಬೋರ್ಡಿನಲ್ಲಿ ಮಾತ್ರ 'ಲೀಟರ್' ಅಂತಲೇ ಇತ್ತು. ಬಂದು ಕೂತದ್ದು ಫ್ಯಾಟ್ ಕಾಲಂ ಆಗಿದ್ದರೆ ಮೊದಲ ನೋಟಕ್ಕೇ ಗೊತ್ತಾಗುತ್ತಿತ್ತು. ನೂರಕ್ಕೆ ಮೂರರ ತಪ್ಪು ಮಾತ್ರ ಸುಗ್ಗಿ ದಿನದ ಹಾಲಿನಂತೆ ಸಹಜವಾಗಿ ಕಾಣುತ್ತದೆ, ಅದೇ ಕಷ್ಟ.

ಈಗ ಸೂತ್ರ ಕಾಲಮ್ಮಿನ ಅಕ್ಷರ ನೋಡದೆ ಹೆಸರು ಹುಡುಕುತ್ತದೆ:

```
=SUM(INDEX(raw!A:Z,0,MATCH("Qty_Ltr",raw!1:1,0)))
```

ಆ ಹೆಸರು ಸಿಗದಿದ್ದರೆ `#N/A` ಅಂತ ಕೂಗುತ್ತದೆ. ಬಾಯಿ ಮುಚ್ಚಿಕೊಂಡು ತಪ್ಪು ಅಂಕಿ ಕೊಡುವುದಕ್ಕಿಂತ ಅದೇ ವಾಸಿ.

ಎರಡನೇ ಭಾನುವಾರ

`map` ಅಂತ ಹೊಸ ಹಾಳೆ ತೆರೆದೆ. ಬೋರ್ಡಿನ ಒಂದೊಂದು ಅಂಕಿಗೂ ಅಲ್ಲಿ ಒಂದು ಸಾಲು: ಯಾವ ಫೈಲು, ಯಾವ ಕಾಲಂ, ಯಾವ ಅಳತೆ, ಯಾವ ಸಾಲುಗಳನ್ನು ಬಿಟ್ಟಿದ್ದೇನೆ, ಲೆಕ್ಕದ ನಿಯಮ ಏನು, ಆ ನಿಯಮ ಯಾವ ತಾರೀಖಿನಿಂದ.

ಹಾಲಿನ ಸಾಲು ಎರಡು ನಿಮಿಷಕ್ಕೆ ಮುಗಿಯಿತು. ಫ್ಯಾಟಿನ ಹತ್ತಿರ ಬಂದಾಗ ಪೆಚ್ಚಾದೆ. 'ಸರಾಸರಿ ಫ್ಯಾಟ್, `Fat` ಕಾಲಮ್ಮಿನಿಂದ' ಅಂತ ಬರೆದೆನೇನೋ ಹೌದು. ಎಂಥ ಸರಾಸರಿ? 7 ಫ್ಯಾಟಿನ ಎಮ್ಮೆ ಹಾಲು 40 ಲೀಟರ್, 4 ಫ್ಯಾಟಿನ ಆಕಳ ಹಾಲು 160 ಲೀಟರ್ ಬಂತು ಅನ್ನಿ. ಬರೀ `AVERAGE` ಹಾಕಿದರೆ 5.5. ಎರಡನ್ನೂ ಒಂದೇ ಕ್ಯಾನಿಗೆ ಸುರಿದು ಅಳೆದರೆ 4.6ರ ಆಸುಪಾಸು. ನಾನು ಇಷ್ಟು ದಿನ ತೋರಿಸಿದ್ದು ಮೊದಲನೆಯ ಲೆಕ್ಕ. ಅಂದರೆ ಈ ಅಂಕಿಯ ಮೂಲ ಒಂದು ಕಾಲಮ್ಮಲ್ಲ, ಎರಡು: `Fat` ಮತ್ತು `Qty_Ltr`. ನಿಯಮ ಬದಲಿಸಿದೆ. ಹಳೇ ಸಾಲನ್ನು ಅಳಿಸದೆ 'ಇಲ್ಲಿಯವರೆಗೆ' ಅಂತ ತಾರೀಖು ಹಾಕಿ, ಕೆಳಗೆ ಹೊಸದು ಬರೆದೆ. ಹಳೇ ಬೋರ್ಡಿನ ಪ್ರಿಂಟು ಅಣ್ಣನ ಗೋಡೆ ಮೇಲೆ ಇನ್ನೂ ಇದೆಯಲ್ಲ, ಅದಕ್ಕೂ ಲೆಕ್ಕ ಕೊಡಬೇಕು.

ನಾಲ್ಕನೇ ಭಾನುವಾರ

ನಡುವಿನ ವಾರ ಮದುವೆಗಳಲ್ಲಿ ಹೋಯಿತು.

ಬಂದ ಫೈಲನ್ನು ಈಗ ಮುಟ್ಟುವುದಿಲ್ಲ. ತೆಗೆದ ತಾರೀಖನ್ನು ಹೆಸರಿಗೆ ಸೇರಿಸಿ ಬೇರೆ ಫೋಲ್ಡರಿನಲ್ಲಿ ಇಡುತ್ತೇನೆ. ಎಷ್ಟು ಸಾಲು ಇದೆ, ಫೈಲಿನ ಒಂದಕ್ಷರ ಬದಲಾದರೂ ಬೇರೆಯಾಗುವ ಹ್ಯಾಶ್ ಅಂತ `sha256sum` ಏನು ಕೊಟ್ಟಿತು ಅನ್ನೋದನ್ನು `map` ಪಕ್ಕದ ಹಾಳೆಯಲ್ಲಿ ಬರೆದಿಡುತ್ತೇನೆ.

ಪರೀಕ್ಷೆ ತಾನಾಗೇ ಬಂತು. ಅದೇ ಹತ್ತು ದಿನದ ಫೈಲು ಮತ್ತೆ ತೆಗೆದಾಗ 4,140 ಹೋಗಿ 4,128 ಆಯಿತು. ಈ ಸಲ ಎದೆ ಧಸಕ್ ಅನ್ನಲಿಲ್ಲ. `map`ನಲ್ಲಿ ನಿಯಮ ಬದಲಾಗಿಲ್ಲ, ಹಾಗಾದರೆ ಮೂಲವೇ ಬದಲಾಗಿರಬೇಕು. ಸಾಲುಗಳ ಸಂಖ್ಯೆ ಅಷ್ಟೇ ಇತ್ತು, ಅದನ್ನೊಂದೇ ನಂಬಿದ್ದರೆ ಮೋಸ ಹೋಗುತ್ತಿದ್ದೆ. ಹ್ಯಾಶ್ ಬೇರೆ ಬಂತು. ಎರಡೂ ಫೈಲಿಗೆ `diff` ಹಾಕಿದೆ. ಒಂದೇ ಸಾಲು ಸಿಕ್ಕಿತು: ಎಂಟನೇ ತಾರೀಖು, ಸಂಜೆ ಹೊತ್ತು, 13.2 ಇದ್ದದ್ದು 1.2 ಆಗಿದೆ.

ಅಣ್ಣನಿಗೆ ಫೋನ್ ಮಾಡಿದರೆ, "ಹೌದೋ, ಅವ್ವ ಒಂದು ಮೂರು ಹೆಚ್ಚಿಗಿ ಒತ್ತಿಬಿಟ್ಟಿದ್ಳು. ವಹಿ ನೋಡಿ ನಾನ ತಿದ್ದೀನಿ" ಅಂದ. ಯಾರು, ಯಾವಾಗ ತಿದ್ದಿದರು ಅನ್ನೋ ಕಾಲಂ ಆ ಫೈಲಿನಲ್ಲಿಲ್ಲ. ಎರಡು ಫೈಲಿನ ನಡುವೆ ಯಾವಾಗಲೋ ಆಯಿತು ಅನ್ನೋಷ್ಟೇ ನನ್ನ ದಾಖಲೆ ಹೇಳಬಲ್ಲದು. ಕಾರಣವನ್ನು ಅಣ್ಣನ ಬಾಯಿಂದ ಕೇಳಿ ಷರಾದಲ್ಲಿ ಬರೆದೆ.

ಉಳಿದಿರೋದು ಬಿಲ್ಲಿನ ಮೊತ್ತ. `Amount` ತಂತ್ರಾಂಶದಲ್ಲೇ ಲೆಕ್ಕವಾಗಿ ಸಿದ್ಧವಾಗಿ ಬರುತ್ತದೆ. ಅದರ ಹಿಂದಿರುವ ದರಪಟ್ಟಿ ಕಾಗದದ ಮೇಲೆ, ಅಣ್ಣನ ಮೇಜಿನ ಗಾಜಿನ ಕೆಳಗೆ ಇದೆ. ಮುಂದಿನ ಸಲ ಊರಿಗೆ ಹೋದಾಗ ಅದರ ಫೋಟೋ ತೆಗೆದುಕೊಂಡು ಬರಬೇಕು.