ಗಂಟಲಿನ ಉಂಡೆಗೆ ಧೈರ್ಯ ಮದ್ದಲ್ಲ

"ಸ್ಟೇಜ್ ಹತ್ತುವ ಮೊದಲು ಗಂಟಲಲ್ಲಿ ಉಂಡೆ ಸಿಕ್ಕಿದ ಹಾಗೆ, ಹೊಟ್ಟೆಯಲ್ಲಿ ಚಿಟ್ಟೆ ಹಾರಿದ ಹಾಗೆ ಆಗ್ತದಂತೆ. ಮಗಳಿಗೆ ಧೈರ್ಯ ಬರ್ಲಿಕ್ಕೆ ಎಂತ ಮಾಡುವುದು?"

ಧೈರ್ಯದ ಮಾತು ಮೊದಲು ಬಿಡಿ. ಶಾಲಾ ಕಲೋತ್ಸವ ಹತ್ತಿರ ಬಂತೆಂದರೆ ಕುಂಬಳೆಯಿಂದ ಬದಿಯಡ್ಕದವರೆಗೆ ಇದನ್ನೇ ಕೇಳುತ್ತಾರೆ, ಅದೂ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. "ಇವಳು ಭಾರೀ ಪುಕ್ಕಲು" ಎಂದು ಸೇರಿಸುವುದೂ ಉಂಟು. ಅಪಾಯ ಕಂಡಾಗ ದೇಹ ಮಾಡುವ ಕೆಲಸವನ್ನು ಆ ಹುಡುಗಿಯ ದೇಹ ಸರಿಯಾಗಿಯೇ ಮಾಡುತ್ತಿದೆ. ನೂರು ಕಣ್ಣು ತನ್ನನ್ನೇ ನೋಡುವುದೂ ಮೆದುಳಿನ ಲೆಕ್ಕದಲ್ಲಿ ಒಂದು ಅಪಾಯವೇ.

ಆ ಲೆಕ್ಕ ಆದ ಕೂಡಲೇ ದೇಹವನ್ನು ತುರ್ತಿಗೆ ಸಜ್ಜು ಮಾಡುವ ಸಿಂಪಥೆಟಿಕ್ ನರಗಳು ಎಚ್ಚರಗೊಳ್ಳುತ್ತವೆ, ಮೂತ್ರಪಿಂಡದ ಮೇಲಿರುವ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಕೈಕಾಲಿಗೆ ರಕ್ತ ಬೇಕು. ಅದು ಹೊಟ್ಟೆ, ಕರುಳಿನ ಪಾಲಿನಿಂದ ಕಡಿತವಾಗುತ್ತದೆ. ಊಟ ಅರೆಯುವ ಅಲೆಗಳು ನಿಧಾನವಾಗುತ್ತವೆ ಅಥವಾ ನಿಲ್ಲುತ್ತವೆ. ಹಾರ್ವರ್ಡ್‌ನ ವೈದ್ಯಕೀಯ ವಿದ್ಯಾರ್ಥಿ ವಾಲ್ಟರ್ ಕ್ಯಾನನ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇದನ್ನು ಬೆಕ್ಕುಗಳಲ್ಲಿ ಎಕ್ಸ್‌ರೇ ಹಿಡಿದು ನೋಡಿದ್ದರು: ಬೆಕ್ಕು ಕಂಗಾಲಾದರೆ ಹೊಟ್ಟೆಯ ಅಲೆ ನಿಲ್ಲುತ್ತಿತ್ತು, ಸಮಾಧಾನವಾದರೆ ಮತ್ತೆ ಶುರುವಾಗುತ್ತಿತ್ತು. ಚಿಟ್ಟೆ ಅಂದರೆ ಇಷ್ಟೇ, ಅರ್ಧಕ್ಕೆ ನಿಂತ ಹೊಟ್ಟೆ ಕಳಿಸುವ ಸುದ್ದಿ.

ಗಂಟಲಿನ ಕಥೆ ಬೇರೆ. ಗಾಳಿ ಹೆಚ್ಚು ಬೇಕೆಂದು ಧ್ವನಿತಂತುಗಳ ನಡುವಿನ ಕಿಂಡಿ ಅಗಲವಾಗುತ್ತದೆ. ಆದರೆ ನುಂಗುವಾಗ ಅದೇ ಕಿಂಡಿ ಪೂರ್ತಿ ಮುಚ್ಚಬೇಕು. ತೆರೆಯುವ ಸ್ನಾಯುವಿಗೂ ಮುಚ್ಚುವ ಸ್ನಾಯುವಿಗೂ ಎಳೆದಾಟ. ಅದರ ಕೆಳಗೆ ಅನ್ನನಾಳದ ಬಾಯಿಗೆ ಬಳೆಯ ಹಾಗೆ ಸುತ್ತಿದ ಸ್ನಾಯುವೂ ಬಿಗಿಯುತ್ತದೆ. ಉಂಡೆ ಅನ್ನಿಸುವುದು ಈ ಬಿಗಿತ, ಅಲ್ಲಿ ಯಾವ ವಸ್ತುವೂ ಇಲ್ಲ. ಅದನ್ನು ಕೆಳಗೆ ತಳ್ಳುತ್ತೇನೆಂದು ಒಣ ಬಾಯಲ್ಲಿ ಮತ್ತೆ ಮತ್ತೆ ನುಂಗಿದರೆ ಬಿಗಿತ ಇನ್ನೂ ಎದ್ದು ಕಾಣುತ್ತದೆ. ಕ್ಯಾಕರಿಸಿದರೆ ಧ್ವನಿತಂತುಗಳು ಒಂದಕ್ಕೊಂದು ಬಡಿದು ಸ್ವರವೇ ಒರಟಾಗುತ್ತದೆ.

ಹೇಗೆ ಓಡಿಸುವುದು ಎನ್ನುವ ಬದಲು, ಇದು ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿ. ಅದಕ್ಕೆ ಉತ್ತರ ಉಂಟು. ರಕ್ತದಲ್ಲಿರುವ ಅಡ್ರಿನಲಿನ್ ಎರಡು ಮೂರು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹೊಸತು ಸುರಿಯುತ್ತಲೇ ಇದ್ದರೆ ಮಾತ್ರ ಉಳಿಯುತ್ತದೆ. ಎದೆಬಡಿತ ಸಾಮಾನ್ಯವಾಗಿ ಮಾತು ಶುರುವಾಗುವ ಹೊತ್ತಿಗೆ ತುದಿಗೇರಿ, ಆಮೇಲೆ ಇಳಿಯುತ್ತದೆ. ಹಾಗಾಗಿ ದಾಟಿಸಬೇಕಾದದ್ದು ಮೊದಲ ಒಂದೆರಡು ನಿಮಿಷ, ಇಡೀ ಭಾಷಣವಲ್ಲ.

ಒಂಬತ್ತನೇ ಕ್ಲಾಸಿನ ಹುಡುಗಿ, ಕನ್ನಡ ಭಾಷಣ, ಹತ್ತೂವರೆಗೆ ಸರದಿ ಎಂದಿಟ್ಟುಕೊಳ್ಳಿ. ಎಂಟೂವರೆಗೆ ಎರಡು ನೀರುದೋಸೆ ಸಾಕು. ಹತ್ತು ಗಂಟೆಗೆ ಅಮ್ಮ ಒತ್ತಾಯಿಸಿ ತಿನ್ನಿಸುವ ಪರೋಟ, ನಿಂತ ಹೊಟ್ಟೆಯಲ್ಲಿ ಹಾಗೇ ಕೂತಿರುತ್ತದೆ. ಒಂದೇ ಉಸಿರಿಗೆ ಕುಡಿದ ಲೋಟ ನೀರೂ ಹಾಗೆಯೇ ಕುಲುಕುತ್ತದೆ. ಬಾಯಿ ಒಣಗಿದಾಗ ಒಂದೆರಡು ಚಮಚದಷ್ಟು ನೀರನ್ನು ಬಾಯಲ್ಲಿ ಸ್ವಲ್ಪ ಇಟ್ಟು ನುಂಗಲಿ. ಕಲ್ಲುಸಕ್ಕರೆ ಚೀಪಿದರೆ ಜೊಲ್ಲು ಬರುತ್ತದೆ, ಆದರೆ ಹೆಸರು ಕರೆಯುವ ಮೊದಲು ಅದು ಬಾಯಲ್ಲಿರಬಾರದು.

ಅವಳಿಗಿಂತ ಮುಂಚಿನ ಚೆಸ್ಟ್ ನಂಬರ್ ಕರೆದಾಗ ಉಸಿರಿನ ಕೆಲಸ ಶುರು. ಮೂಗಿನಿಂದ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಸೆಕೆಂಡಿಗೊಂದರಂತೆ ಎಣಿಸಿದರೆ ನಿಮಿಷಕ್ಕೆ ಆರು ಉಸಿರಾಯಿತು. ಎರಡು ಮೂರು ನಿಮಿಷ ಹೀಗೇ ಸಾಗಲಿ. ಉಸಿರು ಹೊರಗೆ ಹೋಗುವಾಗ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ನಿಧಾನವಾಗುತ್ತದೆ, ಅದಕ್ಕೇ ಹೊರಗಿನದು ಉದ್ದ. ಇಲ್ಲಿ ದೊಡ್ಡವರು ಮಾಡುವ ತಪ್ಪು ಒಂದುಂಟು: "ಜೋರಾಗಿ ಉಸಿರು ತೆಗೆ, ಇನ್ನೂ ತೆಗೆ" ಎನ್ನುವುದು. ಬೇಗ ಬೇಗ ಎದೆ ತುಂಬಾ ಎಳೆದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳ ತುದಿಯಲ್ಲೂ ತುಟಿಯ ಸುತ್ತಲೂ ಜುಂ ಎನ್ನುತ್ತದೆ. ಆ ಜುಂ ಬಂದರೆ ಉಸಿರು ಹೆಚ್ಚಾಗಿದೆ ಎಂದು ಅರ್ಥ. ಮೆಲ್ಲಗೆ, ಸಣ್ಣದಾಗಿ ಮಾಡಬೇಕು.

ಮೈಕ್ ಮುಂದೆ ಮೊದಲ ಮೂರು ವಾಕ್ಯ ಗಿಡ್ಡದಾಗಿ, ಬಾಯಿಪಾಠವಾಗಿ ಇರಲಿ. "ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಉದ್ದಕ್ಕೆ ಹೋಗುವ ಸಂಬೋಧನೆಯನ್ನು ಬಿಗಿದ ಗಂಟಲಿಗೆ ಹೊರಿಸಿದರೆ ಉಸಿರು ಮಧ್ಯದಲ್ಲೇ ಮುಗಿದು ಸ್ವರ ಕೀರಲಾಗುತ್ತದೆ. "ಎಲ್ಲರಿಗೂ ನಮಸ್ಕಾರ" ಎಂದು ನಿಲ್ಲಲಿ, ಉಸಿರು ಬಿಡಲಿ, ಮುಂದಿನದಕ್ಕೆ ಹೋಗಲಿ.

ಇಳಿದು ಬಂದ ಮೇಲೂ ಕೈ ನಡುಗಿದರೆ ಗಾಬರಿ ಬೇಡ. ದೇಹ ಪೂರ್ತಿ ತಣ್ಣಗಾಗಲು ಹೊತ್ತು ಬೇಕು, ಕಾರ್ಟಿಸೋಲ್ ಎಂಬ ಒತ್ತಡದ ಇನ್ನೊಂದು ಹಾರ್ಮೋನ್ ತುದಿಗೇರುವುದೇ ಒತ್ತಡ ಶುರುವಾಗಿ ಇಪ್ಪತ್ತು ಮೂವತ್ತು ನಿಮಿಷ ಕಳೆದ ಮೇಲೆ. ಈಗ ಹಸಿವೆ ಮರಳಿದರೆ ಹೊಟ್ಟೆ ಕೆಲಸಕ್ಕೆ ಬಂತೆಂದು ಲೆಕ್ಕ.

ಆದರೆ ಊಟ ಮಾಡುವಾಗ ಅನ್ನ ನಿಜವಾಗಿಯೇ ಸಿಕ್ಕಿಕೊಂಡರೆ, ನುಂಗುವಾಗ ನೋವಿದ್ದರೆ, ತೂಕ ಇಳಿಯುತ್ತಿದ್ದರೆ, ಅಥವಾ ಸ್ವರ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ ಅದು ಸ್ಟೇಜಿನ ಉಂಡೆಯಲ್ಲ. ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.